ಮರ್ಜ್ ಸಾರ್ಟ್‌ನ ಮರದಲ್ಲಿ n ಎಲ್ಲಿದೆ, log n ಎಲ್ಲಿದೆ?

ಅಲ್ಗಾರಿದಮ್ ಪರೀಕ್ಷೆಗೆ ಕೂತ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ: ‘ಮರ್ಜ್ ಸಾರ್ಟ್‌ಗೆ n log n ಸಮಯ ಬೇಕೆಂದು ರಿಕರ್ಷನ್ ಟ್ರೀ ಬಳಸಿ ತೋರಿಸಿ’. ಉತ್ತರ ಏನೆಂದು ಪ್ರಶ್ನೆಯಲ್ಲೇ ಹೇಳಿಬಿಟ್ಟಿರುವುದರಿಂದ ಅನೇಕರು ಎರಡೇ ಸಾಲಿನಲ್ಲಿ ಮುಗಿಸುತ್ತಾರೆ. ಅರ್ಧ ಅರ್ಧ ಮಾಡುತ್ತಾ ಹೋಗುವುದರಿಂದ log n, ಮರ್ಜ್ ಮಾಡುವುದಕ್ಕೆ n, ಎರಡನ್ನೂ ಗುಣಿಸಿದರೆ n log n. ಇದರಲ್ಲಿ ತಪ್ಪು ಮಾತೇನೂ ಇಲ್ಲ. ಆದರೆ ಗುಣಿಸುವುದೇಕೆ, ಕೂಡಿಸಿದರೆ ಏನಾಗುತ್ತಿತ್ತು ಎಂದು ಕೇಳಿದರೆ ಈ ಉತ್ತರದಲ್ಲಿ ಜವಾಬಿಲ್ಲ. ಪರೀಕ್ಷಕರು ಅಂಕ ಇಟ್ಟಿರುವುದು ಆ ಜವಾಬಿಗೆ.

ವಿಧಾನ ಹಳೆಯದು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರಲ್ಲಿ, ಆಗ ಇನ್ನೂ ಕಾಗದದ ಮೇಲಷ್ಟೇ ಇದ್ದ ಎಡ್‌ವ್ಯಾಕ್ ಎಂಬ ಕಂಪ್ಯೂಟರಿಗಾಗಿ ಇದನ್ನು ಬರೆದರು. ಲೆಕ್ಕ ಮಾಡುವುದಷ್ಟೇ ಅಲ್ಲದೆ ವಿಂಗಡಿಸುವಂಥ ಕೆಲಸಕ್ಕೂ ಆ ಯಂತ್ರದ ವಿನ್ಯಾಸ ಒಗ್ಗುತ್ತದೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಅವರ ಕೈಬರಹದ ಆ ಪ್ರೋಗ್ರಾಮನ್ನು ಡೊನಾಲ್ಡ್ ಕನೂತ್ 1970ರಲ್ಲಿ ಸಾಲುಸಾಲಾಗಿ ಬಿಡಿಸಿ ಲೇಖನ ಬರೆದರು.

ವಿಧಾನವನ್ನು ತಿಳಿಯಲು ಮೌಲ್ಯಮಾಪನ ಕೇಂದ್ರದ ಮೇಜಿನ ಮೇಲಿರುವ ಉತ್ತರ ಪತ್ರಿಕೆಗಳೇ ಸಾಕು. ಎರಡು ಕಟ್ಟುಗಳಿವೆ, ಎರಡೂ ಒಳಗೊಳಗೆ ನೋಂದಣಿ ಸಂಖ್ಯೆಯ ಏರಿಕೆಯ ಕ್ರಮದಲ್ಲೇ ಇವೆ ಎಂದುಕೊಳ್ಳೋಣ. ಇವನ್ನು ಒಂದೇ ಕಟ್ಟಾಗಿ ಮಾಡಬೇಕು. ಎರಡರ ಮೇಲಿನ ಪತ್ರಿಕೆಯನ್ನು ಮಾತ್ರ ನೋಡಿ, ಸಣ್ಣ ಸಂಖ್ಯೆಯದನ್ನು ತೆಗೆದು ಹೊಸ ಕಟ್ಟಿಗೆ ಹಾಕಿದರಾಯಿತು. ಮತ್ತೆ ಮೇಲಿನ ಎರಡನ್ನು ನೋಡುವುದು, ಸಣ್ಣದನ್ನು ಹಾಕುವುದು. ಒಂದು ಕಟ್ಟು ಬರಿದಾದ ಕೂಡಲೇ ಇನ್ನೊಂದರಲ್ಲಿ ಉಳಿದದ್ದನ್ನು ಹಾಗೆಯೇ ಸೇರಿಸಬಹುದು. ಪ್ರತಿ ಪತ್ರಿಕೆಯೂ ಹೊಸ ಕಟ್ಟಿಗೆ ಒಂದೇ ಒಂದು ಸಲ ಹೋಗುತ್ತದೆ. ಎರಡೂ ಸೇರಿ ಹತ್ತು ಪತ್ರಿಕೆಗಳಿದ್ದರೆ ಹತ್ತು ಸಲ ಕೈ ಆಡುತ್ತದೆ. ಹೋಲಿಕೆಗಳು ಹೆಚ್ಚೆಂದರೆ ಒಂಬತ್ತು, ಏಕೆಂದರೆ ಕೊನೆಯಲ್ಲಿ ಉಳಿಯುವ ಪತ್ರಿಕೆಯನ್ನು ಯಾವುದರ ಜೊತೆಗೂ ಹೋಲಿಸಬೇಕಾಗಿಲ್ಲ. ಮರ್ಜ್ ಎಂಬ ಹೆಜ್ಜೆಗೆ n ಸಮಯ ಎನ್ನುವುದು ಈ ಕಾರಣದಿಂದ.

ಕಟ್ಟುಗಳು ಮೊದಲೇ ಕ್ರಮದಲ್ಲಿರಬೇಕಲ್ಲ, ಅದನ್ನು ಮಾಡುವವರು ಯಾರು? ಅದೇ ವಿಧಾನ. ರಾಶಿಯನ್ನು ಎರಡು ಪಾಲು ಮಾಡಿ ಪ್ರತಿ ಪಾಲನ್ನೂ ಮರ್ಜ್ ಸಾರ್ಟ್‌ಗೇ ಒಪ್ಪಿಸಲಾಗುತ್ತದೆ. ಅದು ಮತ್ತೆ ಎರಡು ಪಾಲು ಮಾಡುತ್ತದೆ. ಒಂದೇ ಒಂದು ಪತ್ರಿಕೆ ಉಳಿದಾಗ ಪಾಲು ಮಾಡುವುದು ನಿಲ್ಲುತ್ತದೆ. ಒಂಟಿ ಪತ್ರಿಕೆ ಯಾವಾಗಲೂ ಕ್ರಮದಲ್ಲೇ ಇರುತ್ತದೆ. ಒಂದು ಸಂಗತಿಯನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಒಡೆಯುವುದರಲ್ಲಿ ಹೆಚ್ಚು ಕೆಲಸವಿಲ್ಲ. ಕಂಪ್ಯೂಟರಿನಲ್ಲಿ ಅದು ನಡುವಿನ ಸ್ಥಾನವನ್ನು ಲೆಕ್ಕ ಹಾಕುವ ಒಂದು ಸಾಲು ಮಾತ್ರ. ಶ್ರಮವೆಲ್ಲ ಮರಳಿ ಸೇರಿಸುವಾಗ ಬೀಳುತ್ತದೆ.

ಎಂಟು ಸಂಖ್ಯೆಗಳನ್ನು ಇಟ್ಟುಕೊಂಡು ಇದನ್ನು ಕೈಯಾರೆ ಮಾಡಿ ನೋಡಬಹುದು: 62, 45, 71, 30, 88, 54, 67, 39. ಒಡೆಯುತ್ತಾ ಹೋದರೆ ಎಂಟು ಎಂಬುದು ನಾಲ್ಕು ನಾಲ್ಕಾಗಿ, ಎರಡೆರಡಾಗಿ, ಕೊನೆಗೆ ಒಂದೊಂದಾಗುತ್ತದೆ. ಈಗ ಕೆಳಗಿನಿಂದ ಮೇಲಕ್ಕೆ ಬರೋಣ. ಜೋಡಿಗಳನ್ನು ಸೇರಿಸಿದಾಗ (45, 62), (30, 71), (54, 88), (39, 67) ಸಿಗುತ್ತವೆ. ಪ್ರತಿ ಜೋಡಿಗೆ ಒಂದರಂತೆ ನಾಲ್ಕು ಹೋಲಿಕೆ. ಆಮೇಲೆ ಮೊದಲಿನ ಎರಡು ಜೋಡಿಗಳಿಂದ 30, 45, 62, 71 ಬರುತ್ತದೆ, ಉಳಿದೆರಡರಿಂದ 39, 54, 67, 88 ಬರುತ್ತದೆ. ತಲಾ ಮೂರರಂತೆ ಆರು ಹೋಲಿಕೆ. ಕೊನೆಯದು ಈ ಎರಡು ನಾಲ್ಕರ ಸಾಲುಗಳ ಮರ್ಜ್. 30ನ್ನು 39ರ ಜೊತೆ ಹೋಲಿಸಿ 30 ಹೊರಗೆ, 45ನ್ನು 39ರ ಜೊತೆ ಹೋಲಿಸಿ 39 ಹೊರಗೆ, ಹೀಗೆ ಎರಡೂ ಕಡೆಯಿಂದ ಸರದಿಯಂತೆ ಒಂದೊಂದು ಬಂದು ಕೊನೆಗೆ 88 ಒಂಟಿಯಾಗಿ ಉಳಿಯುತ್ತದೆ. ಏಳು ಹೋಲಿಕೆ. ಒಟ್ಟು 4 + 6 + 7 = 17.

ಹೋಲಿಕೆಗಳನ್ನು ಬಿಟ್ಟು, ಸಂಖ್ಯೆಗಳನ್ನು ಎತ್ತಿಡುವ ಕೆಲಸವನ್ನು ಎಣಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಜೋಡಿಗಳ ಸುತ್ತಿನಲ್ಲಿ ಎಂಟು ಸಂಖ್ಯೆಗಳೂ ಒಮ್ಮೆ ಎತ್ತಿಡಲ್ಪಟ್ಟವು. ನಾಲ್ಕರ ಸುತ್ತಿನಲ್ಲಿ ಮತ್ತೆ ಎಂಟೂ. ಕೊನೆಯ ಸುತ್ತಿನಲ್ಲೂ ಎಂಟು. ಸುತ್ತುಗಳು ಮೂರು, ಪ್ರತಿ ಸುತ್ತಿಗೆ ಎಂಟು, ಒಟ್ಟು 24. ಎಂಟನ್ನು ಮೂರು ಸಲ ಅರ್ಧ ಮಾಡಿದರೆ ಒಂದಾಗುತ್ತದೆ. ಎರಡನ್ನು ಆಧಾರವಾಗಿಟ್ಟ ಲಾಗ್ ಎಂದರೆ ಈ ಎಣಿಕೆಯೇ. n ಇಲ್ಲಿ 8, log n ಇಲ್ಲಿ 3.

ರಿಕರ್ಷನ್ ಟ್ರೀ ಎನ್ನುವುದು ಈ ಎಣಿಕೆಯನ್ನು ಕಾಗದದ ಮೇಲೆ ಇಡುವ ರೀತಿ. ಮರದ ಬೇರು ಮೇಲಿರುತ್ತದೆ, ಎಲೆಗಳು ಕೆಳಗೆ. ಒಂದೊಂದು ನೋಡ್ ಕೂಡ ಮರ್ಜ್ ಸಾರ್ಟ್‌ನ ಒಂದೊಂದು ಕರೆ. ಎಂಟರ ಮರದಲ್ಲಿ ನೋಡ್‌ಗಳ ಗಾತ್ರವನ್ನೂ ಬಲಗಡೆ ಪ್ರತಿ ಮಟ್ಟದ ಮೊತ್ತವನ್ನೂ ಬರೆದರೆ ಹೀಗೆ ಕಾಣುತ್ತದೆ:

```
8                      8
4  4                   8
2  2  2  2             8
1  1  1  1  1  1  1  1   8
```

ಬಲಗಡೆಯ ಆ ಎಂಟುಗಳ ಕಂಬವೇ ಇಡೀ ಉತ್ತರದ ಬೆನ್ನೆಲುಬು.

ಎಂಟರ ಜಾಗದಲ್ಲಿ n ಇಟ್ಟರೆ ಪರೀಕ್ಷೆಯಲ್ಲಿ ಬರೆಯಬೇಕಾದ ಸಮೀಕರಣ ಸಿಗುತ್ತದೆ. n ಸಂಖ್ಯೆಗಳಿಗೆ ಬೇಕಾದ ಸಮಯವನ್ನು T(n) ಎನ್ನೋಣ. ಅದರಲ್ಲಿ ಅರ್ಧ ಗಾತ್ರದ ಎರಡು ಕೆಲಸಗಳಿವೆ, ಜೊತೆಗೆ ಮರ್ಜ್ ಮಾಡುವ ಖರ್ಚಿದೆ. ಒಂದು ಸಂಖ್ಯೆಯನ್ನು ನಿಭಾಯಿಸಲು ತಗಲುವ ಸಮಯ c ಎಂದಿಟ್ಟುಕೊಂಡರೆ:

```
T(n) = 2T(n/2) + cn
T(1) = c
```

ಮರ ಬರೆಯುವಾಗ ಬೇರಿನಲ್ಲಿ T(n) ಎಂದು ಬರೆಯದೆ cn ಎಂದು ಬರೆಯಬೇಕು. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಈ ಜಾಗದಲ್ಲೇ. ನೋಡ್‌ನಲ್ಲಿರುವುದು ಆ ಕರೆ ತನ್ನ ಸ್ವಂತ ಕೈಯಿಂದ ಮಾಡಿದ ಕೆಲಸ ಮಾತ್ರ, ಅಂದರೆ ಮರ್ಜ್‌ನ ಖರ್ಚು. ಮಕ್ಕಳು ಮಾಡಿದ ಕೆಲಸ ಮಕ್ಕಳ ನೋಡ್‌ನಲ್ಲಿ ಇರುತ್ತದೆ. ಎರಡನ್ನೂ ಬೇರಿನಲ್ಲೇ ಸೇರಿಸಿಬಿಟ್ಟರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ.

ಬೇರಿನ ಕೆಳಗೆ ಎರಡು ನೋಡ್, ಪ್ರತಿಯೊಂದರಲ್ಲಿ cn/2, ಮೊತ್ತ cn. ಅದರ ಕೆಳಗೆ ನಾಲ್ಕು ನೋಡ್, ಪ್ರತಿಯೊಂದರಲ್ಲಿ cn/4. ಮೊತ್ತ ಮತ್ತೆ cn. ಬೇರನ್ನು 0ನೇ ಮಟ್ಟ ಎಂದು ಎಣಿಸಿದರೆ i ಎಂಬ ಮಟ್ಟದಲ್ಲಿ 2^i ನೋಡ್‌ಗಳಿರುತ್ತವೆ, ಪ್ರತಿಯೊಂದರ ಖರ್ಚು cn/2^i. ಗುಣಿಸಿದಾಗ 2^i ಹೊಡೆದುಹೋಗಿ cn ಉಳಿಯುತ್ತದೆ. ಕೆಳಗಿಳಿದಂತೆ ನೋಡ್‌ಗಳು ಇಮ್ಮಡಿಯಾಗುತ್ತವೆ, ಒಂದೊಂದರ ಖರ್ಚು ಅರ್ಧವಾಗುತ್ತದೆ, ಇವೆರಡೂ ಸರಿಸಮವಾಗಿ ತೂಗುತ್ತವೆ. ಗುಣಿಸುವುದೇಕೆ ಎಂಬ ಪ್ರಶ್ನೆಗೆ ಜವಾಬು ಇದೇ: ಒಂದೇ ಮೊತ್ತ ಪ್ರತಿ ಮಟ್ಟದಲ್ಲೂ ಮರುಕಳಿಸುವುದರಿಂದ, ಕೂಡುವುದು ತಾನಾಗಿ ಗುಣಾಕಾರವಾಗುತ್ತದೆ.

ಇನ್ನು ಮಟ್ಟಗಳು ಎಷ್ಟು? n/2^i ಎಂಬುದು 1 ಆದಾಗ ಎಲೆಗಳು ಬರುತ್ತವೆ, ಅಂದರೆ i = log n ಆದಾಗ. ಎಣಿಕೆ 0ಯಿಂದ ಶುರುವಾದದ್ದರಿಂದ ಒಟ್ಟು ಮಟ್ಟಗಳು log n + 1. ಎಂಟರ ಮರದಲ್ಲಿ ಮೂರಲ್ಲ, ನಾಲ್ಕು ಸಾಲುಗಳಿದ್ದದ್ದು ಇದಕ್ಕೇ. ಎಲ್ಲವನ್ನೂ ಕೂಡಿದರೆ cn(log n + 1), ಅಂದರೆ cn log n + cn. n ದೊಡ್ಡದಾದಂತೆ ಎರಡನೆಯ ಪದ ಮೊದಲನೆಯದರ ಮುಂದೆ ಹಿಂದೆ ಬೀಳುತ್ತದೆ. ಆದ್ದರಿಂದ Θ(n log n). ಆ ‘+ 1’ ಅನ್ನು ಬಿಟ್ಟರೂ ಕೊನೆಯ ಉತ್ತರ ಬದಲಾಗುವುದಿಲ್ಲ ನಿಜ. ಆದರೆ ಅದನ್ನು ಬಿಟ್ಟವರು ಎಲೆಗಳ ಖರ್ಚನ್ನೇ ಲೆಕ್ಕಕ್ಕೆ ಹಿಡಿದಿಲ್ಲ ಎಂದರ್ಥ, ಮತ್ತು ಎಲೆಗಳೇ ಹೆಚ್ಚು ತೂಗುವ ಬೇರೆ ಸಮೀಕರಣ ಬಂದಾಗ ಅದೇ ಅಭ್ಯಾಸ ಪೂರ್ತಿ ಉತ್ತರವನ್ನು ಕೆಡಿಸುತ್ತದೆ.

ಇದೇ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಕೂಡ ನೋಡಬಹುದು. 62 ಎಂಬ ಒಂದು ಸಂಖ್ಯೆಯನ್ನೇ ಹಿಂಬಾಲಿಸಿದರೆ, ಅದು ಮೊದಲು ಜೋಡಿಯೊಳಗೆ, ಆಮೇಲೆ ನಾಲ್ಕರೊಳಗೆ, ಕೊನೆಗೆ ಎಂಟರೊಳಗೆ ಎತ್ತಿಡಲ್ಪಡುತ್ತದೆ. ಪ್ರತಿ ಸಲವೂ ಅದಿರುವ ಸಾಲಿನ ಉದ್ದ ಇಮ್ಮಡಿಯಾಗುತ್ತದೆ. ಒಂದರಿಂದ n ತನಕ ಇಮ್ಮಡಿಯಾಗುತ್ತಾ ಹೋಗಲು log n ಹೆಜ್ಜೆ ಸಾಕು. ಅಂಥ n ಸಂಖ್ಯೆಗಳಿವೆ. ಮರವನ್ನು ಅಡ್ಡಲಾಗಿ ಕೂಡಿದರೂ ಉದ್ದಕ್ಕೆ ಕೂಡಿದರೂ ಮರ್ಜ್‌ನ ಖರ್ಚು ಒಂದೇ ಬರುತ್ತದೆ. ಕೆಲವರ ಮನಸ್ಸಿಗೆ ಈ ಎರಡನೆಯ ದಾರಿಯೇ ಬೇಗ ಹತ್ತುತ್ತದೆ.

ಕಂಪ್ಯೂಟರ್ ಮಾತ್ರ ಮಟ್ಟದಿಂದ ಮಟ್ಟಕ್ಕೆ ನಡೆಯುವುದಿಲ್ಲ. ಅದು ಮೊದಲು ಎಡಗಡೆಯ ಅರ್ಧವನ್ನು ತುದಿಯ ಎಲೆಯ ತನಕ ಇಳಿದು ಪೂರ್ತಿ ಮುಗಿಸುತ್ತದೆ, ಆಮೇಲೆ ಬಲಗಡೆಗೆ ಬರುತ್ತದೆ. 30, 45, 62, 71 ಸಿದ್ಧವಾದಾಗ 88ನ್ನು ಇನ್ನೂ ಯಾರೂ ಮುಟ್ಟಿರುವುದಿಲ್ಲ. ಪ್ರೋಗ್ರಾಮಿಗೆ ಪ್ರಿಂಟ್ ಸಾಲುಗಳನ್ನು ಹಾಕಿ ನೋಡಿದ ವಿದ್ಯಾರ್ಥಿಗಳು ಈ ಕ್ರಮ ಮರದ ಸಾಲುಗಳಂತಿಲ್ಲವಲ್ಲ ಎಂದು ಗೊಂದಲಕ್ಕೆ ಬೀಳುವುದುಂಟು. ಖರ್ಚು ಯಾವ ದಿನ ಆಯಿತು ಎನ್ನುವುದು ಒಟ್ಟು ಮೊತ್ತವನ್ನು ಬದಲಿಸುವುದಿಲ್ಲ. ಎಲ್ಲ ನೋಡ್‌ಗಳ ಖರ್ಚೂ ಬರಬೇಕು, ಒಂದೊಂದು ಒಮ್ಮೆ ಮಾತ್ರ ಬರಬೇಕು. ಅಷ್ಟು ಸರಿಯಿದ್ದರೆ ನಮಗೆ ಸುಲಭವಾದ ಕ್ರಮದಲ್ಲಿ ಕೂಡಬಹುದು.

ಅರ್ಧ ಮಾಡಿದ ಮಾತ್ರಕ್ಕೆ n log n ಬಂದೇಬಿಡುತ್ತದೆ ಎಂದು ನಂಬಿದವರಿಗೆ ಪಕ್ಕದ ಎರಡು ಮರಗಳನ್ನು ತೋರಿಸಬೇಕು. T(n) = T(n/2) + n ಎಂಬಲ್ಲಿ ಒಂದು ಅರ್ಧವನ್ನು ಬಿಟ್ಟು ಇನ್ನೊಂದರ ಕಡೆಗೆ ಮಾತ್ರ ಹೋಗಲಾಗುತ್ತದೆ. ಮಟ್ಟಗಳು log n + 1 ಇದ್ದರೂ ಮೊತ್ತಗಳು n, n/2, n/4 ಎಂದು ಕರಗುತ್ತಾ ಹೋಗಿ ಎಲ್ಲ ಸೇರಿದರೂ 2n ಮುಟ್ಟುವುದಿಲ್ಲ. T(n) = 2T(n/2) + 1 ಎಂಬಲ್ಲಿ ಅದು ತಿರುಗುಮುರುಗು: ಪ್ರತಿ ನೋಡ್‌ಗೆ ಒಂದೇ ಖರ್ಚು, ಮೊತ್ತಗಳು 1, 2, 4 ಎಂದು ಬೆಳೆಯುತ್ತವೆ, ಕೊನೆಗೆ 2n − 1. ಮೊದಲನೆಯದರಲ್ಲಿ ಬೇರು ಭಾರ, ಎರಡನೆಯದರಲ್ಲಿ ಎಲೆಗಳು ಭಾರ. ಎರಡರಲ್ಲೂ log n ಮಾಯವಾಯಿತು. ಮರ್ಜ್ ಸಾರ್ಟ್ ಇವೆರಡರ ನಡುವೆ ಸಮತೂಕದಲ್ಲಿ ನಿಂತ ಮರ. ಅದರ ಉತ್ತರದಲ್ಲಿ log n ಉಳಿದುಕೊಂಡಿರುವುದು ಯಾವ ಮಟ್ಟವೂ ಇನ್ನೊಂದನ್ನು ಮೀರಿಸದೆ ಇರುವುದರಿಂದ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಲ್ಗಾರಿದಮ್ ಲ್ಯಾಬ್‌ನಲ್ಲಿ ಇದನ್ನು ಅಳೆದು ನೋಡುವ ಪ್ರಯೋಗವೇ ಇದೆ: 5,000ಕ್ಕಿಂತ ಹೆಚ್ಚಿನ n ಬೆಲೆಗಳಿಗೆ ಮರ್ಜ್ ಸಾರ್ಟ್ ಓಡಿಸಿ, ತಗಲಿದ ಸಮಯದ ಗ್ರಾಫ್ ಬರೆಯಬೇಕು. ಗ್ರಾಫ್ ಹೆಚ್ಚುಕಡಿಮೆ ನೇರ ಗೆರೆಯಂತೆ ಬಂದಾಗ ವಿದ್ಯಾರ್ಥಿಗಳಿಗೆ ತಮ್ಮದು ತಪ್ಪಿದೆಯೇನೋ ಎಂಬ ಅನುಮಾನ ಬರಬಹುದು. ತಪ್ಪಿಲ್ಲ. n 10,000ದಿಂದ 20,000ಕ್ಕೆ ಏರಿದಾಗ log n ಸುಮಾರು 13.3ರಿಂದ 14.3ಕ್ಕೆ ಏರುತ್ತದೆ, ಅಷ್ಟೇ. ಮರಕ್ಕೆ ಒಂದೇ ಒಂದು ಮಟ್ಟ ಹೆಚ್ಚಾಯಿತು. ಹಾಗಾಗಿ ಸಮಯ ಸುಮಾರು 2.15 ಪಟ್ಟಾಗಬೇಕು, ಎರಡು ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಅಳತೆಯಲ್ಲಿ ಸೊನ್ನೆ ಬಂದರೆ ಕಾರಣ ಬೇರೆ: ಇಂದಿನ ಯಂತ್ರಗಳಿಗೆ 5,000 ಸಂಖ್ಯೆಗಳು ತೀರಾ ಕಡಿಮೆ, ಗಡಿಯಾರ ಅಷ್ಟು ಸಣ್ಣ ಅವಧಿಯನ್ನು ಹಿಡಿಯುವುದಿಲ್ಲ. ಅದೇ ಕೆಲಸವನ್ನು ನೂರಾರು ಸಲ ಮಾಡಿಸಿ ಸರಾಸರಿ ತೆಗೆದರೆ ಸರಿಯಾದ ಅಂಕಿ ಸಿಗುತ್ತದೆ. ಆದರೆ ಪ್ರತಿ ಸಲವೂ ಹೊಸದಾಗಿ ಕಲೆಸಿದ ಸಂಖ್ಯೆಗಳನ್ನೇ ಕೊಡಬೇಕು, ಮೊದಲ ಸುತ್ತಿನಲ್ಲಿ ಕ್ರಮಗೊಂಡವನ್ನು ಅಲ್ಲ.

ಸಮಯ 2.15 ಪಟ್ಟಾಗುವ ಬದಲು ನಾಲ್ಕು ಪಟ್ಟಾಗಿದ್ದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ. ಅಂಥ ಒಂದು ಎಡವಟ್ಟನ್ನು ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಮರ್ಜ್ ಮಾಡುವ ಮುನ್ನ ಸಂಖ್ಯೆಗಳನ್ನು b ಎಂಬ ಇನ್ನೊಂದು ಅರೇಗೆ ನಕಲು ಮಾಡಿಕೊಳ್ಳಬೇಕು. ಅಲ್ಲಿ ಹೀಗೆ ಬರೆದಿದ್ದಾರೆ ಎಂದುಕೊಳ್ಳೋಣ:

```c
for (i = 0; i < n; i++)
    b[i] = a[i];
```

ಬೇಕಾಗಿದ್ದದ್ದು low ಮತ್ತು high ನಡುವಿನ ತುಂಡು ಮಾತ್ರ. ಇಲ್ಲಿ ಇಡೀ ಅರೇ ನಕಲಾಗುತ್ತಿದೆ. ಸಂಖ್ಯೆಗಳು ಕ್ರಮದಲ್ಲೇ ಬರುತ್ತವೆ, ಯಾವ ಪರೀಕ್ಷೆಯಲ್ಲೂ ಉತ್ತರ ತಪ್ಪಾಗುವುದಿಲ್ಲ. ಆದರೆ ಮರ ನೋಡಿದರೆ ಗುಟ್ಟು ತಕ್ಷಣ ಹೊರಬೀಳುತ್ತದೆ. ಬೇರಿನಲ್ಲಿ ನಕಲಿನ ಖರ್ಚು n. ಕೆಳಗಿನ ಎರಡು ನೋಡ್‌ಗಳಲ್ಲಿ n/2 ಇರಬೇಕಾದಲ್ಲಿ n, ಅದರ ಕೆಳಗಿನ ನಾಲ್ಕರಲ್ಲೂ n. ಮಟ್ಟಗಳ ಮೊತ್ತ n, 2n, 4n ಎಂದು ಏರುತ್ತಾ ಹೋಗುತ್ತದೆ. ಎಲೆಗಳನ್ನು ಬಿಟ್ಟರೆ ಮರದಲ್ಲಿ n − 1 ನೋಡ್‌ಗಳಿವೆ, ಪ್ರತಿಯೊಂದಕ್ಕೂ n ನಕಲು. ಎಂಟು ಸಂಖ್ಯೆಗಳಿಗೆ 24ರ ಬದಲು 56. ಅಷ್ಟಕ್ಕೆ ಯಾರಿಗೂ ತಿಳಿಯುವುದಿಲ್ಲ. 20,000 ಸಂಖ್ಯೆಗಳಿಗೆ ಸುಮಾರು 2.9 ಲಕ್ಷದ ಬದಲು ಸುಮಾರು 40 ಕೋಟಿ. ಪರಿಹಾರ ಒಂದೇ ಸಾಲು:

```c
for (i = low; i <= high; i++)
    b[i] = a[i];
```

ಪ್ರತಿ ನೋಡ್ ತನ್ನ ಪಾಲಿನ ಸಂಖ್ಯೆಗಳಿಗೆ ಮಾತ್ರ ಖರ್ಚು ಮಾಡಿದಾಗಷ್ಟೇ ಮಟ್ಟದ ಮೊತ್ತ n ಮೀರದೆ ಉಳಿಯುತ್ತದೆ.

n ಎಂಬುದು 8, 16, 32ರಂತೆ ಎರಡರ ಘಾತವಾಗಿರದಿದ್ದರೆ? ಹತ್ತು ಸಂಖ್ಯೆಗಳನ್ನು ತೆಗೆದುಕೊಂಡರೆ ಅದು 5, 5 ಆಗಿ, ಆಮೇಲೆ 2, 3, 2, 3 ಆಗಿ ಒಡೆಯುತ್ತದೆ. ಮೂರನೆಯ ಮಟ್ಟದಲ್ಲಿ ಆರು ಒಂದುಗಳೂ ಎರಡು ಎರಡುಗಳೂ ಇರುತ್ತವೆ. ಇಲ್ಲಿಯವರೆಗೆ ಪ್ರತಿ ಸಾಲಿನ ಮೊತ್ತ ಹತ್ತೇ. ಒಂದುಗಳು ಅಲ್ಲೇ ನಿಲ್ಲುತ್ತವೆ, ಎರಡುಗಳು ಇನ್ನೊಮ್ಮೆ ಒಡೆದು ನಾಲ್ಕನೆಯ ಮಟ್ಟದಲ್ಲಿ ನಾಲ್ಕು ಎಲೆಗಳಾಗುತ್ತವೆ. ಮರದ ಬುಡ ಸ್ವಲ್ಪ ಅಂಕುಡೊಂಕಾಯಿತು, ಆದರೆ ಯಾವ ಮಟ್ಟವೂ ಹತ್ತನ್ನು ಮೀರಲಿಲ್ಲ, ಮತ್ತು ಎತ್ತರ 4, ಅಂದರೆ log 10 ಎಂಬ 3.32ನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿದಷ್ಟು. ಪರೀಕ್ಷೆಯಲ್ಲಿ ‘n ಎರಡರ ಘಾತ ಎಂದು ಭಾವಿಸೋಣ’ ಎಂದು ಮೊದಲೇ ಬರೆದುಕೊಂಡು, ಉಳಿದ n ಬೆಲೆಗಳಿಗೆ ಎತ್ತರ ಹೆಚ್ಚೆಂದರೆ ಒಂದು ಮಟ್ಟದಷ್ಟು ಬದಲಾಗುತ್ತದೆ ಎಂದು ಒಂದು ಸಾಲು ಸೇರಿಸಿದರೆ ಸಾಕು.

ಮೊದಲೇ ಕ್ರಮದಲ್ಲಿರುವ ಸಂಖ್ಯೆಗಳನ್ನು ಕೊಟ್ಟರೆ ಬೇಗ ಮುಗಿಯುತ್ತದೆಯೇ ಎಂಬುದು ಇನ್ನೊಂದು ಮೆಚ್ಚಿನ ಉಪಪ್ರಶ್ನೆ. ಎಂಟು ಸಂಖ್ಯೆಗಳು ಏರಿಕೆಯಲ್ಲೇ ಇದ್ದಾಗ ಪ್ರತಿ ಮರ್ಜ್‌ನಲ್ಲೂ ಎಡಗಡೆಯ ಅರ್ಧ ಮೊದಲು ಬರಿದಾಗುತ್ತದೆ, ಬಲಗಡೆಯದನ್ನು ಹೋಲಿಸದೆ ಸುರಿಯಬಹುದು. ಪ್ರತಿ ಸುತ್ತಿಗೆ ನಾಲ್ಕರಂತೆ ಹೋಲಿಕೆಗಳು 17ರಿಂದ 12ಕ್ಕೆ ಇಳಿಯುತ್ತವೆ. ಆದರೆ ಎತ್ತಿಡುವ ಕೆಲಸ 24 ಹಾಗೆಯೇ ಉಳಿಯಿತು, ಮರದ ಆಕಾರವೂ ಬದಲಾಗಲಿಲ್ಲ. ಮರ್ಜ್ ಸಾರ್ಟ್ ಒಡೆಯುವುದು ಸ್ಥಾನ ನೋಡಿ. ಸಂಖ್ಯೆ ನೋಡಿ ಅಲ್ಲ. ಅದಕ್ಕೇ ಇದರ ಅತ್ಯುತ್ತಮ, ಸರಾಸರಿ, ಅತಿ ಕೆಟ್ಟ ಸಂದರ್ಭಗಳು ಮೂರೂ Θ(n log n).

ಇದಕ್ಕಿಂತ ಕಡಿಮೆ ಹೋಲಿಕೆಗಳಲ್ಲಿ ಮುಗಿಸಲು ಎಷ್ಟರ ಮಟ್ಟಿಗೆ ಸಾಧ್ಯ? ಎಂಟು ಸಂಖ್ಯೆಗಳನ್ನು 40,320 ಬಗೆಯಲ್ಲಿ ಜೋಡಿಸಿಡಬಹುದು. ಒಂದು ಹೋಲಿಕೆಗೆ ಎರಡೇ ಉತ್ತರ. 15 ಹೋಲಿಕೆಗಳಿಂದ 32,768 ಬಗೆಗಳನ್ನಷ್ಟೇ ಬೇರೆಬೇರೆ ಎಂದು ಗುರುತಿಸಬಹುದು. ಆದ್ದರಿಂದ ಹೋಲಿಸಿ ವಿಂಗಡಿಸುವ ಯಾವ ವಿಧಾನಕ್ಕೂ ಅತಿ ಕೆಟ್ಟ ಸಂದರ್ಭದಲ್ಲಿ ಕನಿಷ್ಠ 16 ಬೇಕೇ ಬೇಕು. ಮರ್ಜ್ ಸಾರ್ಟ್ 17ರಲ್ಲಿ ಮುಗಿಸಿತು. ಹತ್ತು ಲಕ್ಷ ಸಂಖ್ಯೆಗಳಿಗೆ ಆ ಕನಿಷ್ಠ ಮಿತಿ ಸುಮಾರು 1 ಕೋಟಿ 84 ಲಕ್ಷ 89 ಸಾವಿರ. ಮರ್ಜ್ ಸಾರ್ಟ್ ಅತಿ ಕೆಟ್ಟ ಸಂದರ್ಭದಲ್ಲಿ ಮಾಡುವ ಹೋಲಿಕೆಗಳು ಸುಮಾರು 1 ಕೋಟಿ 89 ಲಕ್ಷ 51 ಸಾವಿರ.